ಅಪ್ಪಟ ಏನು?

ಹುಬ್ಬಳ್ಳಿಯಲ್ಲಿ ಒಂದು ದಿನದ ತರಬೇತಿ. ಆನ್‌ಲೈನಿನಲ್ಲಿ ಮಾರುವುದು ಹೇಗೆ ಎಂಬುದು ವಿಷಯ. ಸುತ್ತ ಕೂತವರೆಲ್ಲ ಸೀರೆ, ಖಣ, ಕರದಂಟು, ಶೇಂಗಾ ಚಟ್ನಿಪುಡಿ ಮಾರುವ ಮಂದಿ. ಊಟಕ್ಕೆ ಬಿಡುವ ಮುಂಚೆ, ಹೇಳಿಕೊಡಲು ಬಂದಿದ್ದವರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ವಿವರಣೆಯ ಮೊದಲ ಸಾಲು ಮನಸ್ಸಿಗೆ, ಮಾಹಿತಿ ಆಮೇಲೆ. ಕಥೆ ಹೇಳಿ, ಪ್ರಶ್ನೆ ಕೇಳಿ, ನೆನಪು ಕೆದಕಿ, ಆಗ ಫೋನಿನ ಮೇಲೆ ಓಡುತ್ತಿರುವ ಬೆರಳು ಅಲ್ಲೇ ನಿಲ್ಲುತ್ತದೆ ಎಂದರು. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ನಮ್ಮ ಕಾಕಾನದು ಇಳಕಲ್ ಸೀರೆಯ ಅಂಗಡಿ. ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿ, ಅದರಲ್ಲಿ ಬರೆಯುವ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದಾನೆ. ತರಬೇತಿಯಿಂದ ಬಂದ ರಾತ್ರಿಯೇ ಗಿಳಿಹಸಿರು ಒಡಲಿನ, ಕೆಂಪು ಸೆರಗಿನ ಒಂದು ಸೀರೆಗೆ ಹೊಸ ವಿವರಣೆ ಬರೆದೆ. ಮೊದಲ ವಾಕ್ಯ ಹೀಗಿತ್ತು: “ಅಜ್ಜಿಯ ಪೆಟ್ಟಿಗೆ ತೆರೆದಾಗ ಮೂಗಿಗೆ ಅಡರುವ ಆ ಹಳೆಯ ಘಮದಂತೆ, ನಿಮ್ಮ ಪ್ರತಿಯೊಂದು ಸಂಭ್ರಮಕ್ಕೂ ಉತ್ತರ ಕರ್ನಾಟಕದ ಸೊಬಗನ್ನು ತುಂಬಬಲ್ಲ, ತಲೆಮಾರುಗಳ ನೇಕಾರಿಕೆಯ ಕೈಚಳಕದಲ್ಲಿ ಅರಳಿದ ಅಪ್ಪಟ ಇಳಕಲ್ ಸೀರೆ ಈಗ ನಿಮ್ಮ ಮನೆಬಾಗಿಲಿಗೆ.” ಬರೆದು ನಾನೇ ಎರಡು ಸಲ ಓದಿ ಖುಷಿಪಟ್ಟೆ. ಸುಳ್ಳೇಕೆ ಹೇಳಲಿ.

ಕೆಲವು ದಿನ ಬಿಟ್ಟು ಗೂಗಲ್‌ನಲ್ಲಿ ಹುಡುಕಿದೆವು. ಪುಟ ಸಿಕ್ಕಿತು. ನೀಲಿ ಶೀರ್ಷಿಕೆಯ ಕೆಳಗೆ ನನ್ನ ವಾಕ್ಯವೂ ಇತ್ತು, ಆದರೆ ಅದು “ಕೈಚಳಕದಲ್ಲಿ ಅರಳಿದ ಅಪ್ಪಟ” ಎಂಬಲ್ಲಿಗೆ ಬಂದು ನಿಂತಿತ್ತು. ಅಲ್ಲಿಂದ ಮುಂದೆ ಮೂರು ಚುಕ್ಕಿ. ಕಾಕಾ ಕನ್ನಡಕ ಏರಿಸಿ ಓದಿದ. “ಅಪ್ಪಟ ಏನೋ? ತುಪ್ಪಾನೂ ಇರಬಹುದಲ್ಲ” ಅಂದ.

ಆ ಮಾತು ಕೇಳಿದ ದಿನದಿಂದ ನಾನು ಆ ಬೋರ್ಡಿನ ವಿರೋಧಿ. ಈ ‘ಮನಸ್ಸಿಗೆ ಮೊದಲು’ ಉಪದೇಶ ಈಗ ಎಲ್ಲ ಕಡೆಗೂ ಹಬ್ಬಿದೆ. ಮಾರುವವರಿಗೆ ಬುದ್ಧಿ ಹೇಳುವ ಯಾವ ವಿಡಿಯೊ ತೆರೆದರೂ ಅದೇ. ಅದು ತಪ್ಪು ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ರುಚಿಯ ಪ್ರಶ್ನೆ ಇದಲ್ಲ. ವಾಕ್ಯ ಎಲ್ಲಿ ಕಾಣುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ನೋಡದೆ ಕೊಟ್ಟ ಉಪದೇಶ ಅದು.

ಉಪದೇಶ ಹುಟ್ಟಿದ್ದು ಜಾಹೀರಾತಿನ ಲೋಕದಲ್ಲಿ. ಪತ್ರಿಕೆ ಓದುತ್ತಿರುವವನಿಗೆ, ಟೀವಿ ನೋಡುತ್ತಿರುವವಳಿಗೆ ಸೀರೆಯ ಯೋಚನೆಯೇ ಇರುವುದಿಲ್ಲ. ಅವರು ಮಾಡುತ್ತಿರುವ ಕೆಲಸವನ್ನು ಬಿಡಿಸಿ ತನ್ನ ಕಡೆ ತಿರುಗಿಸಿಕೊಳ್ಳಬೇಕಾದದ್ದು ಜಾಹೀರಾತಿನ ಪಾಡು, ಹಾಗಾಗಿ ಅದು ಕೂಗುತ್ತದೆ, ಹಾಡುತ್ತದೆ, ಅಳಿಸುತ್ತದೆ. ಹುಡುಕುವವಳ ಸ್ಥಿತಿ ಬೇರೆ. ಅವಳು ತಾನಾಗಿ `ilkal saree 8 yards` ಎಂದು ಟೈಪ್ ಮಾಡಿದ್ದಾಳೆ. ಅಂಗಡಿಯ ಮೆಟ್ಟಿಲು ಹತ್ತಿ, ಗಾದಿಯ ಮೇಲೆ ಕೂತು, “ಎಂಟು ಗಜದ್ದು ಐತೇನ್ರಿ?” ಎಂದು ಕೇಳಿದ ಹಾಗೆ. ಆಗ ಕಾಕಾ “ನಿಮ್ಮ ಅಜ್ಜಿಯ ಪೆಟ್ಟಿಗೆ ನೆನಪೈತೇನ್ರಿ ಅಕ್ಕಾರ?” ಎಂದು ಶುರು ಮಾಡಿದರೆ ಆಕೆ ಪಕ್ಕದ ಅಂಗಡಿಗೆ ಹೋಗುತ್ತಾಳೆ. ಗೂಗಲ್‌ನಲ್ಲಿ ಪಕ್ಕದ ಅಂಗಡಿ ಇರುವುದು ಅರ್ಧ ಇಂಚು ಕೆಳಗೆ.

ಜಾಹೀರಾತಿನವರು ಗುರು ಎಂದು ಹೆಸರು ಹೇಳುವ ಡೇವಿಡ್ ಒಗಿಲ್ವಿಯನ್ನೇ ತೆಗೆದುಕೊಳ್ಳಿ. ತರಬೇತಿಯಲ್ಲೂ ಅವನ ಹೆಸರು ಬಂತು. 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಅವನು ಬರೆದ ಜಾಹೀರಾತಿನ ತಲೆಬರಹದಲ್ಲಿ ರಾಜಠೀವಿ, ಕನಸು, ವೈಭವ ಯಾವುದೂ ಇಲ್ಲ. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಕಾರಿನೊಳಗೆ ಕೇಳುವ ದೊಡ್ಡ ಸದ್ದು ಗಡಿಯಾರದ್ದು ಎಂಬುದು ಅದರ ಹುರುಳು. ಅದೊಂದು ಸಂಗತಿ. ಅದನ್ನೂ ಅವನು ಕೂತು ಕಲ್ಪಿಸಿದ್ದಲ್ಲ, ಕಾರಿನ ಬಗ್ಗೆ ಪತ್ರಿಕೆಯಲ್ಲಿ ಬಂದಿದ್ದ ವರದಿಯಿಂದ ಹೆಕ್ಕಿದ್ದು. ಕೂಗಬೇಕಾದ ಜಾಗದಲ್ಲೇ ಗುರು ಸಂಗತಿಯಿಂದ ಶುರು ಮಾಡಿದ್ದಾನೆ. ಕೂಗುವ ಅಗತ್ಯವೇ ಇಲ್ಲದ ಜಾಗದಲ್ಲಿ ಶಿಷ್ಯರು ಕೂಗುತ್ತಿದ್ದಾರೆ.

ಇನ್ನೊಂದು ಪಂಥವಿದೆ. ಅವರಿಗೆ ಕಥೆಯೂ ಬೇಡ, ವಾಕ್ಯವೂ ಬೇಡ. ಮೊದಲ ಸಾಲಿನಲ್ಲೇ ಇಳಕಲ್ ಸೀರೆ, ಇಲಕಲ್ ಸೀರೆ, ಇಲ್ಕಲ್ ಸೀರೆ, ಹತ್ತಿ ಸೀರೆ, ಮದುವೆ ಸೀರೆ, ಹಬ್ಬದ ಸೀರೆ ಎಂದು ಗೋಣಿಚೀಲಕ್ಕೆ ತುಂಬಿದ ಹಾಗೆ ತುಂಬುತ್ತಾರೆ. ಹಾಗೆ ತುಂಬಿದರೆ ಗೂಗಲ್ ಮೇಲಕ್ಕೆ ಎತ್ತಿ ಕೂರಿಸುತ್ತದೆ ಎಂಬ ನಂಬಿಕೆ. ಪುಟದ ಮರೆಯಲ್ಲಿ ಬರೆಯುವ `keywords` ಸಾಲನ್ನು ಸ್ಥಾನ ಕೊಡಲು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಅದರ ಪಕ್ಕದ `description` ಸಾಲಿನಿಂದಲೂ ಸ್ಥಾನ ಏರುವುದಿಲ್ಲ, ಅದನ್ನು ಒಮ್ಮೊಮ್ಮೆ ಫಲಿತಾಂಶದ ಕೆಳಗೆ ತೋರಿಸಲು ಮಾತ್ರ ಬಳಸುತ್ತೇವೆ ಎಂದೂ ಆಗಲೇ ಹೇಳಿದೆ. ಅಲ್ಲಿಗೆ ಆ ಸಾಲನ್ನು ಓದುವವರು ಮನುಷ್ಯರು ಮಾತ್ರ. ಮನುಷ್ಯರು ಓದುವ ಜಾಗದಲ್ಲಿ ಒಂದೇ ಪದವನ್ನು ಆರು ಸಲ ಹೇಳಿದರೆ ಬೀದಿ ಮೈಕಿನವನ ನೆನಪಾಗುತ್ತದೆ, ಅಷ್ಟೆ. ಇವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇವರ ತಪ್ಪು ಎದ್ದು ಕಾಣುತ್ತದೆ, ಕಥೆಗಾರರ ತಪ್ಪು ಚಂದ ಕಾಣುತ್ತದೆ. ಅದಕ್ಕೇ ಕಥೆಗಾರರ ಮೇಲೆ ನನ್ನ ಸಿಟ್ಟು ಹೆಚ್ಚು.

ಹಾಗಾದರೆ ಮೊದಲ ವಾಕ್ಯ ಏನು ಹೇಳಬೇಕು? ಇದಕ್ಕೆ ಉತ್ತರ ಕೊಟ್ಟದ್ದು ಅಂಗಡಿಯ ಫೋನಿನ ಪಕ್ಕದಲ್ಲಿರುವ ಒಂದು ರೂಲ್ಡ್ ನೋಟ್‌ಬುಕ್. ಯಾರು ಫೋನ್ ಮಾಡಿದರೂ ಕಾಕಾ ಅದರಲ್ಲಿ ಒಂದು ಸಾಲು ಗೀಚುತ್ತಾನೆ, ಇಪ್ಪತ್ತು ವರ್ಷದ ಚಟ. ವೆಬ್‌ಸೈಟ್ ನೋಡಿ ಫೋನ್ ಮಾಡಿದವರ ಸಾಲುಗಳನ್ನು ಒಂದು ಭಾನುವಾರ ಕೂತು ಓದಿದೆ. “ಎಷ್ಟು ಗಜ?” “ಸೆರಗು ರೇಷ್ಮಿನೋ ಚಮಕಾನೋ?” “ಕೈಮಗ್ಗದ್ದೋ ಪವರ್‌ಲೂಮಿಂದೋ?” “ಖಣ ಕೂಡೇ ಬರತೈತೋ?” ಪುಟ ತಿರುಗಿಸಿದಷ್ಟೂ ಇವೇ ನಾಲ್ಕು. ಬಣ್ಣ ಯಾವುದು ಎಂದು ಒಬ್ಬರೂ ಕೇಳಿಲ್ಲ, ಫೋಟೊದಲ್ಲಿ ಕಂಡಿದೆ. ಬೆಲೆ ಕೇಳಿಲ್ಲ, ಪುಟದಲ್ಲಿದೆ. ಇದು ಯಾವ ಸೀರೆ ಎಂದು ಕೇಳಿಲ್ಲ, ಶೀರ್ಷಿಕೆಯಲ್ಲಿದೆ. ಅಜ್ಜಿಯ ಬಗ್ಗೆಯಂತೂ ಯಾರೂ ಕೇಳಿಲ್ಲ.

ಶೀರ್ಷಿಕೆ, ಫೋಟೊ, ಬೆಲೆ ಮೂರೂ ಸೇರಿ ಹೇಳದೆ ಬಿಟ್ಟದ್ದು, ಕೊಳ್ಳುವವಳು ಫೋನ್ ಮಾಡಿ ಕೇಳಿಯೇ ತೀರುವಂಥದ್ದು ಯಾವುದೋ ಅದು ಮೊದಲ ವಾಕ್ಯ. ಶೀರ್ಷಿಕೆಯನ್ನೇ ಮತ್ತೊಮ್ಮೆ ಹೇಳುವುದು ಅಲ್ಲಿ ದಂಡ, ಏಕೆಂದರೆ ಅದು ಒಂದು ಸಾಲು ಮೇಲೆ ಕಾಣುತ್ತಲೇ ಇದೆ.

ಆ ನಾಲ್ಕು ಪ್ರಶ್ನೆಗಳಲ್ಲಿ ಗಜವೇ ಏಕೆ ಮೊದಲು ಬರುತ್ತದೆ ಎಂಬುದಕ್ಕೆ ಮಗ್ಗದಲ್ಲೇ ಕಾರಣವಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಒಡಲು ಮುಗಿಯುವಲ್ಲಿ ರೇಷ್ಮೆಯ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಒಂದೊಂದಾಗಿ ಸೇರಿಸುತ್ತಾರೆ. ಸೀರೆಯನ್ನು ಬೆಳಕಿಗೆ ಹಿಡಿದರೆ ಆ ಕೂಡಿಕೆಯ ಗೆರೆ ಬೆರಳಿಗೂ ಸಿಗುತ್ತದೆ, ಕಣ್ಣಿಗೂ ಸಿಗುತ್ತದೆ. ಹೀಗಾಗಿ ಇಂಥ ತೋಪು ತೆನೆ ಸೆರಗಿನ ಸೀರೆಗೆ ಹಾಸನ್ನು ಒಂದೊಂದು ಸೀರೆಯ ಅಳತೆಗೇ ಸಿದ್ಧ ಮಾಡಬೇಕು. ಆರು ಗಜವೋ, ಎಂಟೋ, ಒಂಬತ್ತೋ ಎಂಬುದು ಮೊದಲ ಎಳೆ ಮಗ್ಗಕ್ಕೆ ಏರುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಆಮೇಲೆ ಬದಲಾಯಿಸಲು ಬರುವುದಿಲ್ಲ. ಕಚ್ಚೆ ಹಾಕಿ ಉಡುವ ಹಿರಿಯರಿಗೆ ಆರು ಗಜ ಬಂದರೆ ಅದು ಸೀರೆಯೇ ಅಲ್ಲ. ನಿರಿಗೆ ಹಿಡಿದು ಉಡುವ ಹುಡುಗಿಗೆ ಒಂಬತ್ತು ಗಜ ಹೊರೆ. ಫೋಟೊದಲ್ಲಿ ಮಡಿಸಿಟ್ಟ ಸೀರೆ ಆರೂ ಒಂದೇ, ಒಂಬತ್ತೂ ಒಂದೇ.

ಸೆರಗಿನ ಪ್ರಶ್ನೆಯೂ ಹಾಗೆಯೇ. ಅಸಲಿ ರೇಷ್ಮೆಯೋ, ನಮ್ಮ ಕಡೆ ಚಮಕಾ ಎನ್ನುವ ಕೃತಕ ರೇಷ್ಮೆಯೋ ಎಂಬುದು ಫೋಟೊದಲ್ಲಿ ಗೊತ್ತಾಗುವುದಿಲ್ಲ. ಫೋಟೊದಲ್ಲಿ ಚಮಕಾ ಅಸಲಿಗಿಂತ ಹೆಚ್ಚೇ ಮಿಂಚುತ್ತದೆ. ಬೆಲೆಯಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ನನ್ನ ಅಜ್ಜಿ-ಪೆಟ್ಟಿಗೆಯ ವಾಕ್ಯ ಓದಿ ಬೆಂಗಳೂರಿನ ಒಬ್ಬರು ಅದೇ ವಾಕ್ಯವಿದ್ದ ಇನ್ನೊಂದು ಸೀರೆ ತರಿಸಿಕೊಂಡರು. ‘ಅಪ್ಪಟ’ ಎಂದಿದ್ದರಿಂದ ಸೆರಗು ರೇಷ್ಮೆ ಎಂದು ತಿಳಿದಿದ್ದರಂತೆ. ಅದು ಚಮಕಾ ಸೆರಗಿನದು. ವಿವರಣೆಯಲ್ಲಿ ನಾನು ಅದನ್ನು ಬರೆದಿದ್ದೆ, ನಿಜ, ಆದರೆ ಐದನೇ ಪ್ಯಾರಾದಲ್ಲಿ. ಸೀರೆ ವಾಪಸು ಬಂತು, ಹೋಗುವ ಬರುವ ಎರಡೂ ಕೊರಿಯರ್ ಖರ್ಚು ಅಂಗಡಿಯ ಮೇಲೆ ಬಿತ್ತು. ನನ್ನ ಸಾಲು ಆಕೆಯ ಬೆರಳನ್ನು ನಿಲ್ಲಿಸಿತ್ತು, ನಿಜಕ್ಕೂ ನಿಲ್ಲಿಸಿತ್ತು. ಬೆರಳು ನಿಂತದ್ದನ್ನೇ ಗೆಲುವು ಎಂದು ಎಣಿಸುವವರಿಗೆ ಈ ಪೆಟ್ಟಿಗೆ ವಾಪಸು ಬಂದದ್ದು ಕಾಣುವುದೇ ಇಲ್ಲ.

ಈಗ ಆ ಗಿಳಿಹಸಿರು ಸೀರೆಯ ಮೊದಲ ಸಾಲು ಹೀಗಿದೆ:

```html
<meta name="description" content="ಕೈಮಗ್ಗದ ಇಳಕಲ್, 8 ಗಜ; ಒಡಲು ಹತ್ತಿ, ಸೆರಗು ಅಸಲಿ ರೇಷ್ಮೆ. ಖಣ ಸೇರಿಲ್ಲ.">
```

ಪುಟದಲ್ಲಿ ಕಾಣುವ ವಿವರಣೆಯೂ ಇದೇ ಮಾತಿನಿಂದ ಶುರುವಾಗುತ್ತದೆ. “ಖಣ ಸೇರಿಲ್ಲ” ಎಂದು ಮೊದಲ ಸಾಲಿನಲ್ಲೇ ಬರೆದದ್ದಕ್ಕೆ ಕಾಕಾನ ಮಗ ಜಗಳ ತೆಗೆದ. ಇಲ್ಲದ್ದನ್ನು ಮೊದಲೇ ಹೇಳಿ ಗಿರಾಕಿಯನ್ನು ಓಡಿಸುತ್ತೀಯಾ ಎಂದ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವನ್ನು ಬೇರೆಯಾಗಿ ಕೊಳ್ಳುವುದು ನಮ್ಮ ಕಡೆಯ ರೂಢಿ. ಇಲ್ಲಿನವರಿಗೆ ಅದನ್ನು ಹೇಳಬೇಕಾಗಿಲ್ಲ. ಮೈಸೂರಿನಲ್ಲೋ ಪುಣೆಯಲ್ಲೋ ಕೂತು ಕೊಳ್ಳುವವರಿಗೆ ಸೀರೆಯ ಜೊತೆ ರವಿಕೆ ಬಟ್ಟೆ ಬಂದೇ ಬರುತ್ತದೆ ಎಂಬ ಎಣಿಕೆ ಇರುತ್ತದೆ. ಓಡುವವರು ಸೀರೆ ಬಂದ ಮೇಲೆ ಓಡುವುದಕ್ಕಿಂತ ಮುಂಚೆಯೇ ಓಡಲಿ ಎಂದೆ. ಇನ್ನೊಂದು ಮಾತೂ ಇದೆ: ಇಲ್ಲದ್ದನ್ನು ಇಲ್ಲ ಎಂದು ಮೊದಲೇ ಹೇಳಿದವನು ‘ಅಸಲಿ’ ಎಂದಾಗ ಜನ ನಂಬುತ್ತಾರೆ.

ಇನ್ನು ಕನ್ನಡದ ವಿಷಯ. ಇಂಗ್ಲಿಷಿನಲ್ಲಿ ಬರೆದ ಉಪದೇಶವನ್ನು ಹಾಗೇ ತಂದು ಕನ್ನಡಕ್ಕೆ ಅಂಟಿಸುವವರು ಇದನ್ನು ನೋಡಿಯೇ ಇಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಷ್ಟೇ ಅಲ್ಲ, ವಿಶೇಷಣಗಳೆಲ್ಲ ಮುಂದೆ ನಿಂತು, ಯಾವುದರ ಬಗ್ಗೆ ಮಾತಾಡುತ್ತಿದ್ದೇವೋ ಆ ಹೆಸರು ಹಿಂದೆ ಬರುತ್ತದೆ. ಅರಳಿದ, ತುಂಬಬಲ್ಲ, ಅಪ್ಪಟ ಎಲ್ಲವೂ ಮೆರವಣಿಗೆಯಲ್ಲಿ ಮುಂದೆ ಹೋದ ಮೇಲೆ ಸೀರೆ ಬರಬೇಕು. ಎದುರಿಗೆ ಕೂತು ಕೇಳುವವರಿದ್ದರೆ ಈ ಕಾಯಿಸುವಿಕೆಯೇ ಕನ್ನಡದ ಸೊಗಸು. ಆದರೆ ಹುಡುಕಾಟದ ಫಲಿತಾಂಶದಲ್ಲಿ ವಾಕ್ಯದ ಬಾಲ ಕತ್ತರಿಸಿಹೋಗುತ್ತದೆ. ಇಂಗ್ಲಿಷ್ ವಾಕ್ಯದ ಬಾಲ ಕತ್ತರಿಸಿದರೆ ಅಲಂಕಾರ ಹೋಗಿ ತಿರುಳು ಉಳಿಯುವ ಸಾಧ್ಯತೆ ಹೆಚ್ಚು. ಕನ್ನಡ ವಾಕ್ಯದ ಬಾಲ ಕತ್ತರಿಸಿದರೆ ಅಲಂಕಾರ ಉಳಿದು ತಿರುಳೇ ಹೋಗುತ್ತದೆ. ನನ್ನ ವಾಕ್ಯದಲ್ಲಿ ಆದದ್ದು ಸರಿಯಾಗಿ ಅದೇ: ಇಪ್ಪತ್ತು ಪದ ಕಂಡವು, ‘ಇಳಕಲ್ ಸೀರೆ’ ಎಂಬ ಎರಡು ಪದ ಮೂರು ಚುಕ್ಕಿಯ ಹಿಂದೆ ಅಡಗಿದವು.

ಇದಕ್ಕೆ ಪರಿಹಾರವನ್ನು ಹೊರಗಿನಿಂದ ತರಬೇಕಾಗಿಲ್ಲ. ಕ್ರಿಯಾಪದವೇ ಇಲ್ಲದ ವಾಕ್ಯ ಕನ್ನಡಕ್ಕೆ ಸಹಜ. “ಒಡಲು ಹತ್ತಿ, ಸೆರಗು ರೇಷ್ಮೆ” ಎನ್ನುವುದು ಪೂರ್ತಿ ವಾಕ್ಯ, ಅಲ್ಲಿ ಏನೂ ಕೊರತೆಯಿಲ್ಲ. “ಇದರ ಒಡಲು ಹತ್ತಿಯಿಂದಲೂ ಸೆರಗು ರೇಷ್ಮೆಯಿಂದಲೂ ಮಾಡಲ್ಪಟ್ಟಿದೆ” ಎಂದು ಯಾವ ನೇಕಾರನೂ ಹೇಳುವುದಿಲ್ಲ. ಅಂಗಡಿಯವರ ಬಾಯಲ್ಲಿ ದಿನಾ ಬರುವ ತುಂಡು ಮಾತು ಫೋನಿನ ಎರಡು ಸಾಲಿಗೆ ಹೇಳಿ ಮಾಡಿಸಿದ ಹಾಗಿದೆ. ಅದರ ಇನ್ನೊಂದು ಲಾಭವೆಂದರೆ, ಎಲ್ಲಿ ಕತ್ತರಿ ಬಿದ್ದರೂ ಅದಕ್ಕೆ ಮುಂಚಿನ ತುಂಡು ಅರ್ಥ ಕೊಡುತ್ತದೆ. “ಕೈಮಗ್ಗದ ಇಳಕಲ್, 8 ಗಜ” ಎಂಬಲ್ಲಿಗೇ ನಿಂತರೂ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದೆ.

ಎಷ್ಟು ಅಕ್ಷರಕ್ಕೆ ಕತ್ತರಿ ಬೀಳುತ್ತದೆ? ತರಬೇತಿಯಲ್ಲಿ 160 ಎಂದು ಹೇಳಿದರು, ವೆಬ್‌ಸೈಟ್ ಕಟ್ಟುವ ಪ್ಯಾನೆಲ್‌ಗಳೂ ಅದೇ ಅಂಕಿ ತೋರಿಸುತ್ತವೆ. ಗೂಗಲ್‌ಗೆ ಹಾಗೊಂದು ನಿಗದಿತ ಅಂಕಿ ಇಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ. 2017ರ ಡಿಸೆಂಬರಿನಲ್ಲಿ ಈ ಸಾಲುಗಳನ್ನು ಸುಮಾರು ಎರಡು ಪಟ್ಟು ಉದ್ದ ಮಾಡಿ, 2018ರ ಮೇ ಹೊತ್ತಿಗೆ ಮತ್ತೆ ಮೊಟಕು ಮಾಡಿತು. ಆಗ ಉದ್ದುದ್ದ ಬರೆದವರ ಬಾಲಗಳೆಲ್ಲ ಐದೇ ತಿಂಗಳಿಗೆ ಹೋದವು. ಅಂಕಿಯನ್ನು ನಂಬಿ ಬರೆಯುವುದಕ್ಕೆ ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ‘ರೇಷ್ಮೆ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯಂತ್ರ ಅದನ್ನು ಆರು ಎಂದು ಎಣಿಸುತ್ತದೆ: ರ, ಏತ್ವ, ಷ, ಅರ್ಧಕ್ಕೆ ನಿಲ್ಲಿಸುವ ಗುರುತು, ಮ, ಎತ್ವ. ಪ್ಯಾನೆಲ್ 160 ಮುಟ್ಟಿತು ಎಂದು ಕೆಂಪಾಗುವಾಗ ನಾವು ಬರೆದದ್ದು ಕಣ್ಣಿಗೆ ಎಂಬತ್ತು ತೊಂಬತ್ತು ಅಕ್ಷರ ಇರಬಹುದು. ಇತ್ತ ಕನ್ನಡದ ಅಕ್ಷರ ಅಗಲ, ಪರದೆಯ ಮೇಲೆ ಹೆಚ್ಚು ಜಾಗ ತಿನ್ನುತ್ತದೆ. ಎಣಿಕೆ ಒಂದು ಹೇಳುತ್ತದೆ, ಪರದೆ ಒಂದು ಹೇಳುತ್ತದೆ. ಎಣಿಸುವುದು ಬಿಟ್ಟು, ಮೊದಲ ಐದಾರು ಪದದಲ್ಲಿ ಮುಖ್ಯವಾದದ್ದು ಮುಗಿಯಿತೇ ಎಂದು ನೋಡಿ. ನನ್ನ ಹೊಸ ಸಾಲು ಯಂತ್ರದ ಎಣಿಕೆಯಲ್ಲೂ 70ರೊಳಗೇ ಇದೆ. ಉಳಿದ ಜಾಗ ಖಾಲಿ ಇದ್ದರೆ ಇರಲಿ, ಅದಕ್ಕೇನು ಬಾಡಿಗೆ ಕಟ್ಟಬೇಕಾಗಿಲ್ಲ.

ಇಲ್ಲಿ ಎದುರಾಳಿಗಳು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಗೂಗಲ್ ನೀವು ಬರೆದ ಸಾಲನ್ನೇ ತೋರಿಸುತ್ತದೆ ಎಂಬುದಕ್ಕೆ ಏನು ಖಾತ್ರಿ? ಖಾತ್ರಿ ಇಲ್ಲ. ಹುಡುಕಿದವರು ಟೈಪ್ ಮಾಡಿದ ಪದಗಳನ್ನು ನೋಡಿ, ಪುಟದ ಒಳಗಿಂದ ಹೊಂದುವ ಬೇರೆ ಸಾಲನ್ನು ಅದು ಎತ್ತಿ ತೋರಿಸಬಹುದು. ಒಬ್ಬರಿಗೆ ಒಂದು ಸಾಲು ಕಂಡರೆ ಇನ್ನೊಬ್ಬರಿಗೆ ಮತ್ತೊಂದು. ಹುಡುಕಿದ ಪದ ಆ ಸಾಲಿನಲ್ಲಿದ್ದರೆ ಅದನ್ನು ದಪ್ಪಕ್ಷರದಲ್ಲಿ ತೋರಿಸುವುದೂ ಉಂಟು. ಆದರೆ ಇದು ನನ್ನ ವಾದಕ್ಕೇ ಬಲ. ಅಜ್ಜಿಯ ಪೆಟ್ಟಿಗೆಯ ವಾಕ್ಯದಲ್ಲಿ ಗಜವಿಲ್ಲ, ಹತ್ತಿಯಿಲ್ಲ, ಕೈಮಗ್ಗವಿಲ್ಲ. ಎಂಟು ಗಜದ ಸೀರೆ ಹುಡುಕಿದವಳಿಗೆ ತೋರಿಸಲು ಅದರಲ್ಲಿ ಗೂಗಲ್‌ಗೆ ಏನೂ ಸಿಗದೆ, ಪುಟದ ಬುಡದಿಂದ “ವಾಪಸಾತಿ ನಿಯಮಗಳು” ಎಂಬ ಸಾಲನ್ನು ಎತ್ತಿ ತಂದರೂ ಆಶ್ಚರ್ಯವಿಲ್ಲ. ಮಾರಾಟದ ಪುಟಗಳಿಗೆ ಗೂಗಲ್‌ನ ಸ್ವಂತ ಮಾರ್ಗಸೂಚಿಯಲ್ಲೇ, ಪುಟದ ತುಂಬ ಚದುರಿರುವ ಬೆಲೆ, ತಯಾರಕರ ಹೆಸರು ಮೊದಲಾದ ಸಂಗತಿಗಳನ್ನು ಈ ವಿವರಣೆಯ ಸಾಲಿನಲ್ಲಿ ಒಟ್ಟು ಮಾಡಿ ಕೊಡಬಹುದು ಎಂಬ ಸಲಹೆ ಇದೆ. ಹೃದಯ ಮುಟ್ಟಿ ಎಂದು ಅಲ್ಲಿ ಬರೆದಿಲ್ಲ.

ಇದಕ್ಕೆ ಅಂಟಿಕೊಂಡ ಒಂದು ಸಣ್ಣ ತಪ್ಪನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದು ಎಲ್ಲ ಅಂಗಡಿಗಳಲ್ಲೂ ಇದೆ. ವಿವರಣೆಯ ಸಾಲನ್ನು ಖಾಲಿ ಬಿಟ್ಟರೆ ಶಾಪಿಫೈಯಂಥ ವ್ಯವಸ್ಥೆಗಳು ಪುಟದ ವಿವರಣೆಯ ಆರಂಭವನ್ನೇ ಅಲ್ಲಿಗೆ ತುಂಬುತ್ತವೆ. ಆರಂಭದಲ್ಲಿ “ನಮ್ಮ ಅಂಗಡಿಗೆ ಆತ್ಮೀಯ ಸ್ವಾಗತ” ಎಂದಿದ್ದರೆ ಅದೇ ಹೋಗುತ್ತದೆ. ನೂರು ಸೀರೆ ಇದ್ದರೆ ನೂರು ಸ್ವಾಗತ. ನಮ್ಮಲ್ಲೂ ಹಾಗೇ ಇತ್ತು. ಗೂಗಲ್‌ನಲ್ಲಿ `site:` ಎಂದು ಟೈಪ್ ಮಾಡಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟಿನ ಹೆಸರು ಹಾಕಿ ನೋಡಿದರೆ ನಿಮ್ಮ ಪುಟಗಳು ಸಾಲಾಗಿ ಬರುತ್ತವೆ. ಎಲ್ಲದರ ಕೆಳಗೂ ಒಂದೇ ಮಾತು ಕಂಡರೆ ನೀವು ಸ್ವಾಗತ ಮಾತ್ರ ಮಾರುತ್ತಿದ್ದೀರಿ ಎಂದು ತಿಳಿಯಿರಿ.

ಇನ್ನೊಂದು ಕಡೆ ಆ ‘ಮನಸ್ಸಿಗೆ ಮೊದಲು’ ಉಪದೇಶಕ್ಕೆ ಅರ್ಥವೇ ಇಲ್ಲ. ಅಮೆಜಾನ್, ಫ್ಲಿಪ್‌ಕಾರ್ಟ್‌ಗಳ ಹುಡುಕಾಟದ ಪಟ್ಟಿಯಲ್ಲಿ ಕಾಣುವುದು ಫೋಟೊ, ಶೀರ್ಷಿಕೆ, ಬೆಲೆ, ನಕ್ಷತ್ರ. ಮಾರುವವರು ಬರೆದ ವಿವರಣೆ ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅಲ್ಲಿ ಮಾರುವವರಿಗೆ ಬೆರಳು ನಿಲ್ಲಿಸುವ ಮೊದಲ ವಾಕ್ಯ ಹೇಳಿಕೊಡುವುದೆಂದರೆ ಮುಚ್ಚಿದ ಬಾಗಿಲಿನ ಹಿಂದೆ ರಂಗೋಲಿ ಹಾಕಿಸಿದ ಹಾಗೆ. ತರಬೇತಿಗೆ ಬಂದಿದ್ದವರಲ್ಲಿ ಅರ್ಧ ಮಂದಿ ಅಲ್ಲೇ ಮಾರುವವರು, ಅವರು ಶೀರ್ಷಿಕೆಯಲ್ಲೇ ಗಜ ಮತ್ತು ನೂಲು ಸೇರಿಸಬೇಕಿತ್ತು. ಇದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಮೊದಲ ವಾಕ್ಯ ನಿಜವಾಗಿ ದುಡಿಯುವ ಇನ್ನೊಂದು ಜಾಗ ವಾಟ್ಸ್ಆ್ಯಪ್. ಅಕ್ಕ ತಂಗಿಗೆ ಲಿಂಕ್ ಕಳಿಸಿದಾಗ ಫೋಟೊದ ಕೆಳಗೆ ಶೀರ್ಷಿಕೆಯೂ ವಿವರಣೆಯ ತುಣುಕೂ ಬರುತ್ತವೆ. ಅಲ್ಲಿ ಜಾಗ ಗೂಗಲ್‌ಗಿಂತ ಇಕ್ಕಟ್ಟು. “ಕೈಮಗ್ಗದ ಇಳಕಲ್, 8 ಗಜ” ಎಂಬುದು ಅಲ್ಲೂ ಉಳಿಯುತ್ತದೆ.

ಬದಲಾಯಿಸಿದ್ದರಿಂದ ಲಾಭವಾಯಿತೇ ಎಂದು ಕೇಳಬಹುದು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಒಂದೊಂದು ಪುಟ ಯಾವ ಹುಡುಕಾಟಕ್ಕೆ ಎಷ್ಟು ಸಲ ಕಂಡಿತು, ಎಷ್ಟು ಮಂದಿ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು ಎಲ್ಲವೂ ಸಿಗುತ್ತವೆ. ಹೆಚ್ಚಿನವರು ಮುಂಚಿನ 28 ದಿನ, ಈಚಿನ 28 ದಿನ ಪಕ್ಕಪಕ್ಕ ಇಟ್ಟು, ಒತ್ತಿದವರ ಸಂಖ್ಯೆ ಏರಿದರೆ ಮೊದಲ ಸಾಲಿನ ಮಹಿಮೆ ಎಂದು ಹಾಡುತ್ತಾರೆ. ಅದರಲ್ಲಿ ಮೋಸವಿದೆ. ಎಂಟನೇ ಸ್ಥಾನದಲ್ಲಿದ್ದ ಪುಟ ನಾಲ್ಕಕ್ಕೆ ಏರಿದ್ದರೆ ಸಾಲು ಎಷ್ಟೇ ಕೆಟ್ಟದ್ದಾಗಿದ್ದರೂ ಒತ್ತುವವರು ಹೆಚ್ಚಾಗುತ್ತಾರೆ. ಈಚಿನ 28 ದಿನದಲ್ಲಿ ದೀಪಾವಳಿ ಬಿದ್ದಿದ್ದರಂತೂ ಮುಗಿಯಿತು. ಒಂದೇ ಹುಡುಕಾಟ, ಹೆಚ್ಚುಕಡಿಮೆ ಒಂದೇ ಸ್ಥಾನ, ಹಬ್ಬವಿಲ್ಲದ ಎರಡು ತಿಂಗಳು ಸಿಕ್ಕರೆ ಮಾತ್ರ ಹೋಲಿಕೆಗೆ ಅರ್ಥ. ನಮ್ಮಂಥ ಸಣ್ಣ ಅಂಗಡಿಗೆ ಅಷ್ಟು ಅಂಕಿ ಸಿಗುವುದೂ ಕಷ್ಟ. ನಾನು ನಂಬುವ ಅಳತೆಗೋಲು ಆ ರೂಲ್ಡ್ ನೋಟ್‌ಬುಕ್. “ಎಷ್ಟು ಗಜ?” ಎಂದು ಕೇಳಲು ಬರುತ್ತಿದ್ದ ಫೋನು ಹಸಿರು ಸೀರೆಗೆ ನಿಂತುಹೋಗಿದೆ. ಈಗ ಬರುವ ಫೋನುಗಳಲ್ಲಿ “ಸೋಮವಾರದೊಳಗ ಮುಟ್ಟತೈತೇನ್ರಿ?” ಎಂಬ ಸಾಲು ಹೆಚ್ಚು. ಕೊಳ್ಳಬೇಕೋ ಬೇಡವೋ ಎಂಬುದು ಅವರ ಮನಸ್ಸಿನಲ್ಲಿ ಮುಗಿದಿದೆ ಎಂದಾಯಿತು.

ಅಜ್ಜಿಯ ಪೆಟ್ಟಿಗೆಯನ್ನು ಸುಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಪುಟದೊಳಗೆ ಬಂದು, ಗಜ ನೂಲು ಎಲ್ಲ ಒಪ್ಪಿಗೆಯಾಗಿ, ಕೊಳ್ಳುವುದಕ್ಕೆ ಒಂದು ಹೆಜ್ಜೆ ಹಿಂದೆ ನಿಂತವರಿಗೆ ಕಥೆ ಬೇಕು. ಕೂಡಿಕೆಯ ಗೆರೆಯ ಕಥೆಯನ್ನು ನಾನು ಮೂರನೇ ಪ್ಯಾರಾದಲ್ಲಿ ಬರೆದಿದ್ದೇನೆ, ಅದನ್ನು ಓದಿ ಫೋನ್ ಮಾಡಿದವರೂ ಇದ್ದಾರೆ. ಇಳಕಲ್ ಎಂದರೇನೆಂದೇ ಗೊತ್ತಿಲ್ಲದೆ, ಅಮೆರಿಕದಲ್ಲಿ ಕೂತು ಉಡುಗೊರೆಗೆ ಒಂದು ಹತ್ತಿ ಸೀರೆ ಹುಡುಕುವವರಿಗೆ ಗಜಕ್ಕಿಂತ ಮೊದಲು ಬೇರೆ ಸಂಗತಿ ಬೇಕಾಗಬಹುದು, ಹಗುರವೇ, ಮನೆಯಲ್ಲೇ ಒಗೆಯಬಹುದೇ ಎಂದು. ಅದೂ ಸಂಗತಿಯೇ. ಪ್ರಶ್ನೆ ಬದಲಾದರೆ ಮೊದಲ ಸಾಲು ಬದಲಾಗಲಿ, ಪ್ರಶ್ನೆಗೆ ಉತ್ತರ ಎಂಬ ಅದರ ಕೆಲಸ ಬದಲಾಗುವುದು ಬೇಡ.

ನಮ್ಮ ವೆಬ್‌ಸೈಟಿನಲ್ಲಿ ನಾನೇ ಬರೆದ ಘಮ, ಸೊಬಗು, ಅಪ್ಪಟಗಳು ಇನ್ನೂ ನಲವತ್ತಕ್ಕೂ ಹೆಚ್ಚು ಸೀರೆಗಳ ಮೇಲೆ ಕೂತಿವೆ. ದಸರೆಯೊಳಗೆ ಎಲ್ಲವನ್ನೂ ಇಳಿಸಬೇಕು. ದಿನಕ್ಕೆ ನಾಲ್ಕು ಸೀರೆಯಂತೆ ಕಾಕಾ ಗಜಕೋಲು ಹಿಡಿದು ಅಳೆಯುತ್ತಾನೆ, ನಾನು ಬರೆದುಕೊಳ್ಳುತ್ತೇನೆ.